ಕೋಳಿಗೂಡಿನಲ್ಲಿ ರೆಕ್ಕೆಯ ಮುದುಕ

ಮೂರು ದಿನದಿಂದ ಬಿಡದೆ ಮಳೆ. ಕಡಲ ದಂಡೆಯ ಬಡ ಮನೆಯೊಂದಕ್ಕೆ ಏಡಿಗಳು ನುಗ್ಗಿವೆ. ಮನೆಯೊಡೆಯ ಪೆಲಾಯೊ ಅವನ್ನು ಬಡಿದು ಕೊಂದು ಸಮುದ್ರಕ್ಕೆ ಎಸೆಯುತ್ತಿದ್ದಾನೆ. ಒಳಗೆ ಹಸುಗೂಸಿಗೆ ರಾತ್ರಿಯಿಡೀ ಜ್ವರ. ಸತ್ತ ಏಡಿಗಳ ನಾತವೇ ಅದಕ್ಕೆ ಕಾರಣವಿರಬೇಕೆಂದು ಮನೆಯವರ ಗುಮಾನಿ. ಏಡಿ ಎಸೆದು ಹಿಂದಿರುಗುವಾಗ ಅಂಗಳದ ಕೆಸರಿನಲ್ಲಿ ಏನೋ ಮುಲುಗುವುದು ಕೇಳುತ್ತದೆ. ಹತ್ತಿರ ಹೋದರೆ, ಬೋರಲು ಬಿದ್ದ ಒಬ್ಬ ಮುದುಕ. ಏಳಲು ಹೆಣಗುತ್ತಿದ್ದಾನೆ. ಬೆನ್ನ ಮೇಲಿನ ದೊಡ್ಡ ರೆಕ್ಕೆಗಳು ಅವನನ್ನು ಏಳಗೊಡುತ್ತಿಲ್ಲ.

ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1968ರಲ್ಲಿ ಬರೆದ ‘ದೊಡ್ಡ ರೆಕ್ಕೆಗಳ ಮುದಿ ಮನುಷ್ಯ’ ಕತೆ ಶುರುವಾಗುವುದು ಹೀಗೆ. ಪದವಿ ತರಗತಿಯ ಸೆಮಿನಾರುಗಳಲ್ಲಿ ಮಾಂತ್ರಿಕ ವಾಸ್ತವತೆ ಎಂದೊಡನೆ ಹೆಚ್ಚಾಗಿ ಎತ್ತಿಕೊಳ್ಳುವ ಕತೆ ಇದು. ಆಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ, ಫ್ಯಾಂಟಸಿಯಲ್ಲಿ ಮಾಯೆ ಜಾಸ್ತಿ, ಮಾಂತ್ರಿಕ ವಾಸ್ತವತೆಯಲ್ಲಿ ಕಡಿಮೆ ಎಂಬುದು. ಇದು ತಪ್ಪು. ಮಾಯೆಯನ್ನು ಅಳತೆ ಹಾಕಿದರೆ ಎರಡೂ ಕೈಗೆ ಸಿಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ಮಾಯೆಗೆ ಕತೆ ಲೆಕ್ಕ ಒಪ್ಪಿಸುತ್ತದೆಯೋ ಇಲ್ಲವೋ?

ಮುದುಕನ ಕತೆಗೇ ಮರಳೋಣ. ಅವನ ರೆಕ್ಕೆಗಳು ಚರ್ಚಿನ ಚಿತ್ರಗಳಲ್ಲಿರುವಂತೆ ಬೆಳ್ಳಗಿಲ್ಲ. ರಣಹದ್ದಿನ ರೆಕ್ಕೆಗಳ ಹಾಗೆ ಕೊಳೆಯಾಗಿ, ಅರ್ಧ ಪುಕ್ಕ ಉದುರಿ, ಹುಳು ಹತ್ತಿವೆ. ಬಾಯಲ್ಲಿ ಹಲ್ಲು ಕೆಲವೇ. ಅವನಾಡುವ ಮಾತು ಯಾರಿಗೂ ತಿಳಿಯದು. ದನಿ ಮಾತ್ರ ನಾವಿಕನದು. ಗಂಡ ಹೆಂಡತಿ ಅವನನ್ನು ದಿಟ್ಟಿಸಿ ನೋಡುತ್ತ ನೋಡುತ್ತ ಬೇಗನೇ ಬೆರಗು ಕಳೆದುಕೊಳ್ಳುತ್ತಾರೆ, ಎಲ್ಲೋ ನೋಡಿದ ಪರಿಚಯದವನೇ ಅನ್ನಿಸತೊಡಗುತ್ತದೆ. ಒಡೆದ ಹಡಗಿನಿಂದ ಬಂದವನಿರಬೇಕು ಎಂದುಕೊಂಡುಬಿಡುತ್ತಾರೆ. ಎಲ್ಲ ಬಲ್ಲ ನೆರೆಮನೆಯಾಕೆ ಬಂದು, ಮಗುವನ್ನು ಕರೆದೊಯ್ಯಲು ಬಂದ ದೇವದೂತ, ಮುಪ್ಪಿನಿಂದಾಗಿ ಮಳೆಗೆ ಕೆಳಗೆ ಬಿದ್ದಿದ್ದಾನೆ ಎಂದು ತೀರ್ಪು ಕೊಡುತ್ತಾಳೆ. ರಾತ್ರಿ ಅವನನ್ನು ಕೋಳಿಗೂಡಿಗೆ ತಳ್ಳುತ್ತಾರೆ.

ಮುಂದಿನದು ನೋಡಿ. ಊರಿನ ಪಾದ್ರಿ ಗೊನ್ಝಾಗ ಬಂದು ಲ್ಯಾಟಿನ್‌ನಲ್ಲಿ ಮಾತಾಡಿಸುತ್ತಾನೆ. ದೇವರ ಭಾಷೆಯೇ ಬರದ ದೇವದೂತನ ಮೇಲೆ ಅನುಮಾನ ಹುಟ್ಟುತ್ತದೆ. ಬಿಷಪ್ಪನಿಗೆ ಬರೆಯುತ್ತೇನೆ, ಅವನು ಮೇಲಿನವನಿಗೆ ಬರೆಯಲಿ, ಆ ಮೇಲಿನವನು ಪೋಪನಿಗೆ ಬರೆಯಲಿ ಎನ್ನುತ್ತಾನೆ. ರೋಮಿನಿಂದ ಬರುವ ಪತ್ರಗಳಲ್ಲಿ ತೀರ್ಮಾನವಿಲ್ಲ, ಇವನಿಗೆ ಹೊಕ್ಕುಳಿದೆಯೇ ಎಂಬಂಥ ವಿಚಾರಣೆಯಷ್ಟೇ. ಇತ್ತ ಮನೆಯೊಡತಿ ಎಲಿಸೆಂಡಾ ಅಂಗಳಕ್ಕೆ ಬೇಲಿ ಹಾಕಿ, ತಲೆಗೆ ಐದು ಸೆಂಟಿನಂತೆ ಟಿಕೆಟ್ ಇಡುತ್ತಾಳೆ. ಒಂದು ವಾರದೊಳಗೆ ಮನೆಯ ಕೋಣೆಗಳಲ್ಲೆಲ್ಲ ದುಡ್ಡು ತುಂಬುತ್ತದೆ. ಮುದುಕ ಮಾಡುವ ಪವಾಡಗಳೂ ಹಾದಿ ತಪ್ಪಿದವು: ಕುರುಡನಿಗೆ ಕಣ್ಣು ಬರುವುದಿಲ್ಲ, ಮೂರು ಹೊಸ ಹಲ್ಲು ಬರುತ್ತವೆ.

ಅವನು ಎಲ್ಲಿಂದ ಬಂದ, ಯಾಕೆ ಬಂದ, ನಿಜಕ್ಕೂ ದೇವದೂತನೇ? ಕತೆ ಕೊನೆಯವರೆಗೂ ಹೇಳುವುದಿಲ್ಲ. ಆದರೆ ಏಡಿ, ಟಿಕೆಟ್ಟಿನ ದರ, ಅವನು ತಿನ್ನುವ ಬದನೆಕಾಯಿ ಗೊಜ್ಜು, ಇವನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ವಿವರಣೆ ಕೊಡಬೇಕಾದ ಜಾಗದಲ್ಲಿ ಮಾರ್ಕ್ವೆಜ್ ವಿವರ ಕೊಡುತ್ತಾನೆ. ನನ್ನ ಮಟ್ಟಿಗೆ ಇಡೀ ತಂತ್ರದ ಗುಟ್ಟು ಅಲ್ಲಿದೆ. ವಿಚಿತ್ರವಾದದ್ದನ್ನು ಮುಖಭಾವ ಬದಲಿಸದೆ ಹೇಳುತ್ತಿದ್ದ ತನ್ನ ಅಜ್ಜಿಯಿಂದ ಈ ದನಿ ಕಲಿತೆ ಎಂದು ಅವನೇ ಹೇಳಿಕೊಂಡಿದ್ದಾನೆ.

ಇದರ ಪಕ್ಕಕ್ಕೆ ಫ್ಯಾಂಟಸಿಯ ಒಂದು ಸಣ್ಣಕತೆ ಇಟ್ಟುಕೊಂಡರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಅಮೆರಿಕದ ಉರ್ಸುಲಾ ಲೆಗ್ವಿನ್ 1964ರಲ್ಲಿ ಬರೆದ ‘ದಿ ರೂಲ್ ಆಫ್ ನೇಮ್ಸ್’ ನಡೆಯುವುದು ನಮ್ಮ ಭೂಪಟದಲ್ಲಿಲ್ಲದ ಒಂದು ದ್ವೀಪದಲ್ಲಿ. ಅಲ್ಲಿ ಅಂಡರ್‌ಹಿಲ್ ಎಂಬ ದಡೂತಿ, ಅಷ್ಟೇನೂ ಚುರುಕಲ್ಲದ ಮಂತ್ರವಾದಿಯಿದ್ದಾನೆ. ಶಾಲೆಯಲ್ಲಿ ಟೀಚರ್ ಮಕ್ಕಳಿಗೆ ಒಂದು ನಿಯಮ ಕಲಿಸುತ್ತಾಳೆ: ಯಾರ ನಿಜನಾಮವನ್ನೂ ಕೇಳಬಾರದು, ನಮ್ಮದನ್ನೂ ಹೇಳಬಾರದು, ಏಕೆಂದರೆ ಹೆಸರು ಗೊತ್ತಾದರೆ ಆ ವ್ಯಕ್ತಿ ಹಿಡಿತಕ್ಕೆ ಸಿಗುತ್ತಾನೆ. ಹೊರಗಿನಿಂದ ಬಂದ ಮಾಂತ್ರಿಕನೊಬ್ಬ ಅಂಡರ್‌ಹಿಲ್‌ನ ನಿಜನಾಮ ಬಲ್ಲ. ಇಬ್ಬರೂ ರೂಪ ಬದಲಿಸಿ ಕಾದಾಡುವಾಗ ಅಂಡರ್‌ಹಿಲ್ ಡ್ರ್ಯಾಗನ್ ಆಗುತ್ತಾನೆ. ನಿಜರೂಪಕ್ಕೆ ಬಂದುಬಿಡಲಿ ಎಂದು ಎದುರಾಳಿ ಆ ಹೆಸರು ಕೂಗುತ್ತಾನೆ. ಡ್ರ್ಯಾಗನ್ ಡ್ರ್ಯಾಗನ್ ಆಗಿಯೇ ಉಳಿಯುತ್ತದೆ, ಏಕೆಂದರೆ ಅವನ ನಿಜರೂಪ ಅದೇ. ಆ ಹೊಡೆತ ನಮಗೆ ತಾಗುವುದು ನಿಯಮ ಮೊದಲೇ ಗೊತ್ತಿದ್ದರಿಂದ. ನಿಯಮವನ್ನು ಕಿತ್ತುಹಾಕಿದರೆ ಕತೆಯೇ ಕುಸಿಯುತ್ತದೆ.

ಅದೇ ಮುದುಕನ ಕತೆಗೆ ಒಂದು ನಿಯಮ ಸೇರಿಸಿ ನೋಡಿ. ‘ದೇವದೂತರು ವಯಸ್ಸಾದರೆ ರೆಕ್ಕೆಯ ಶಕ್ತಿ ಕಳೆದುಕೊಂಡು ಭೂಮಿಗೆ ಬೀಳುತ್ತಾರೆ’ ಎಂದು ಒಂದು ಸಾಲು ಬರೆದರೆ ಸಾಕು, ಪಾದ್ರಿಯ ಪತ್ರವ್ಯವಹಾರ ಮತ್ತು ನೆರೆಯವಳ ಜಾಣತನ ಎರಡೂ ವ್ಯರ್ಥ. ಆ ಕತೆ ನೋಡುತ್ತಿರುವುದು ಮನುಷ್ಯರನ್ನು. ಅರ್ಥವಾಗದ್ದೊಂದು ಅಂಗಳಕ್ಕೆ ಬಿದ್ದಾಗ ಅವರು ಬೇಲಿ ಕಟ್ಟುತ್ತಾರೆ, ದುಡ್ಡು ವಸೂಲಿ ಮಾಡುತ್ತಾರೆ, ಸಾಕಾದಾಗ ಬೇರೆಡೆ ಹೋಗುತ್ತಾರೆ. ಆಮೇಲೆ ಊರಿಗೆ ಬರುವ ಜಾತ್ರೆಯಲ್ಲಿ ಜೇಡವಾಗಿ ಮಾರ್ಪಟ್ಟ ಹೆಣ್ಣೊಬ್ಬಳಿದ್ದಾಳೆ. ತಂದೆತಾಯಿಯ ಮಾತು ಮೀರಿ ಕುಣಿಯಲು ಹೋದದ್ದಕ್ಕೆ ಹೀಗಾಯಿತು ಎಂದು ತನ್ನ ಕತೆ ತಾನೇ ಹೇಳುತ್ತಾಳೆ. ಅವಳ ಟಿಕೆಟ್ ಅಗ್ಗ, ಕಾರಣ ಸ್ಪಷ್ಟ, ನೀತಿ ಕೈಗೆಟುಕುವಂಥದು. ಜನರೆಲ್ಲ ಅತ್ತ ತಿರುಗುತ್ತಾರೆ. ವಿವರಣೆಯಿರುವ ಅದ್ಭುತ ಮತ್ತು ವಿವರಣೆಯಿಲ್ಲದ ಅದ್ಭುತ, ಎರಡನ್ನೂ ಒಂದೇ ಊರಲ್ಲಿ ನಿಲ್ಲಿಸಿದ್ದಾನೆ ಕತೆಗಾರ.

ನಮ್ಮಲ್ಲಿ ಒಂದು ಪ್ರಶ್ನೆ ಖಂಡಿತ ಏಳುತ್ತದೆ: ಹಾಗಾದರೆ ಗರುಡ, ಜಟಾಯು, ನಮ್ಮ ಪುರಾಣಗಳೆಲ್ಲ ಮಾಂತ್ರಿಕ ವಾಸ್ತವತೆಯೇ? ಅಲ್ಲ. ಗರುಡನಿಗೆ ತಾಯಿಯಿದ್ದಾಳೆ, ಅಮೃತ ತರುವ ಕೆಲಸವಿದೆ, ವಿಷ್ಣುವಿನ ಬಳಿ ಸ್ಥಾನವಿದೆ. ಆ ಲೋಕದಲ್ಲಿ ಅವನು ಸಹಜ. ಮಾಂತ್ರಿಕ ವಾಸ್ತವತೆಗೆ ಬೇಕಾದದ್ದು ಪತ್ರ, ಟಿಕೆಟ್, ಡಾಕ್ಟರುಗಳಿರುವ ಇಂದಿನ ಊರು, ಮತ್ತು ಅದರೊಳಕ್ಕೆ ಬಂದ ಅನ್ಯವಾದದ್ದೊಂದು. ಅದೇ ಊರಿನ ಜನರ ನಂಬಿಕೆಯಿಂದಲೂ ಅದು ಬರಬಹುದು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪದ ಜೋತಮ್ಮಗಳು ಕೂಡಿ ಮಾತಾಡುತ್ತವೆ, ಕನ್ನಡ ವಿಮರ್ಶೆಯಲ್ಲಿ ಈ ಚರ್ಚೆ ಬಂದಾಗ ಆ ಪುಟಗಳ ಹೆಸರು ಬರುವುದು ಇದಕ್ಕೇ.

ಮಾಂತ್ರಿಕ ವಾಸ್ತವತೆ ಎಂಬ ಮಾತು ಮೊದಲು ಹುಟ್ಟಿದ್ದು ಚಿತ್ರಕಲೆಯಲ್ಲಿ. ಜರ್ಮನಿಯ ಫ್ರಾಂಜ್ ರೋ 1925ರಲ್ಲಿ ಬಳಸಿದ್ದು. ಕ್ಯೂಬಾದ ಆಲೆಹೊ ಕಾರ್ಪೆಂಟಿಯರ್ 1949ರಲ್ಲಿ ಲ್ಯಾಟಿನ್ ಅಮೆರಿಕದ ವಾಸ್ತವವೇ ಅದ್ಭುತ ಎಂದು ವಾದಿಸಿದ. ಗಡಿ ಎಲ್ಲೆಡೆ ಇಷ್ಟು ಸ್ಪಷ್ಟವಿಲ್ಲ ಎಂಬುದೂ ನಿಜ. ಕಾಫ್ಕಾನ ಗ್ರೆಗರ್ ಹುಳುವಾಗಿ ಎದ್ದು ರೈಲು ತಪ್ಪಿತೆಂದು ಚಿಂತಿಸುವುದನ್ನು ಯಾವ ಪಂಗಡಕ್ಕೆ ಸೇರಿಸುವುದೆಂದು ವಾದ ಮುಗಿದಿಲ್ಲ.

ಸೆಮಿನಾರಿನಲ್ಲಿ ಇನ್ನೊಂದು ಎಡವಟ್ಟು ಆಗುತ್ತಿರುತ್ತದೆ. ‘ರೆಕ್ಕೆ ಸ್ವಾತಂತ್ರ್ಯದ ಸಂಕೇತ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದು. ಕತೆಗಾರ ಕೊಡದೆ ಉಳಿಸಿದ ವಿವರಣೆಯನ್ನು ಓದುಗ ತಂದು ಅಂಟಿಸಿದಂತಾಯಿತು ಅದು. ಕತೆಯಲ್ಲಿ ಡಾಕ್ಟರು ಆ ರೆಕ್ಕೆಗಳನ್ನು ಪರೀಕ್ಷಿಸಿ, ಉಳಿದ ಮನುಷ್ಯರಿಗೇಕೆ ಇವಿಲ್ಲ ಎಂದು ಬೆರಗಾಗುತ್ತಾನೆ. ರೆಕ್ಕೆಯನ್ನು ಮೊದಲು ರೆಕ್ಕೆಯಾಗಿ ನೋಡಬೇಕು. ಕೊನೆಗೆ ಮುದುಕ ಹಾರಿಹೋಗುವಾಗ ಎಲಿಸೆಂಡಾ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಪ್ರಬಂಧ ಬರೆಯಲು ಕೂರುವ ಮುಂಚೆ ಆ ಒಂದು ಪುಟವನ್ನು ಇನ್ನೊಮ್ಮೆ ನಿಧಾನವಾಗಿ ಓದಿ, ಅವಳ ಮನಸ್ಸಿಗೆ ಆಗ ಏನಾಗುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.