ನೊಣಕ್ಕೆ ಏಟು ಏಕೆ ತಗಲುವುದಿಲ್ಲ?

ಹಾಲು ಕರೆಯಲು ಕುಳಿತಾಗ ಬಕೆಟ್ಟಿನ ಅಂಚಿಗೆ ನೊಣವೊಂದು ಬಂದು ಕೂರುತ್ತದೆ. ಸಗಣಿಯ ಮೇಲಿದ್ದ ಕಾಲು ಹಾಲಿಗೆ ಬಿದ್ದೀತೆಂದು ನೀವು ಕೈ ಬೀಸುತ್ತೀರಿ. ಕೈ ತಲುಪುವ ಮೊದಲೇ ಅದು ಹಸುವಿನ ಬೆನ್ನ ಮೇಲಿರುತ್ತದೆ. ಅದು ತಪ್ಪಿಸಿಕೊಳ್ಳುವುದು ಅದೃಷ್ಟದಿಂದಲ್ಲ. ಅದರ ಕಣ್ಣು ಇರುವ ರೀತಿಯೇ ಹಾಗಿದೆ.

ನೊಣದ ತಲೆಯ ಎರಡು ಬದಿಗೂ ಕೆಂಪಗೆ ಉಬ್ಬಿಕೊಂಡಿರುವುದೇ ಅದರ ಕಣ್ಣು. ಜೇನುಹಲ್ಲೆಯ ಹಾಗೆ ಆರು ಮೂಲೆಯ ಸಣ್ಣ ಸಣ್ಣ ಮಸೂರಗಳನ್ನು ಒತ್ತೊತ್ತಾಗಿ ಜೋಡಿಸಿ ಆ ಕಣ್ಣು ಆಗಿದೆ. ಮನೆನೊಣದ ಒಂದೊಂದು ಕಣ್ಣಿನಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು. ಇದನ್ನು ಸಂಯುಕ್ತ ಕಣ್ಣು ಎನ್ನುತ್ತಾರೆ.

ಸಿನಿಮಾಗಳಲ್ಲಿ ನೊಣಕ್ಕೆ ಒಂದೇ ಮುಖ ಸಾವಿರ ಸಲ ಕಾಣುವಂತೆ ತೋರಿಸುತ್ತಾರೆ. ಅದು ಸುಳ್ಳು. ಒಂದು ಮಸೂರ ನೋಡುವುದು ತನ್ನ ನೇರಕ್ಕಿರುವ ಸಣ್ಣ ಜಾಗವನ್ನು ಮಾತ್ರ. ಅಲ್ಲಿ ಬೆಳಕೋ ಕತ್ತಲೋ ಎಂಬ ಒಂದು ಚುಕ್ಕಿಯನ್ನಷ್ಟೇ ಅದು ಕೊಡುತ್ತದೆ. ನೀವು ಅಂಗಳದಲ್ಲಿ ಇಡುವ ಚುಕ್ಕಿ ರಂಗೋಲಿಯಂತೆ ಎಲ್ಲ ಚುಕ್ಕಿಗಳೂ ಸೇರಿದಾಗ ಒಂದೇ ಚಿತ್ರವಾಗುತ್ತದೆ. ಜರ್ಮನಿಯ ಯೊಹಾನೆಸ್ ಮ್ಯೂಲರ್ ಈ ಮಾತನ್ನು 1826ರಲ್ಲೇ ಹೇಳಿದ್ದರು.

ಆದರೆ ಈ ರಂಗೋಲಿಯ ಚುಕ್ಕಿಗಳು ಬಹಳ ದೂರ ದೂರ. ಆಕಾಶದಲ್ಲಿ ನಾಲ್ಕೈದು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ ಮನೆನೊಣಕ್ಕೆ ಒಂದೇ ಚುಕ್ಕಿ. ನಿಮ್ಮ ಮುಖದ ಗುರುತು ಅದಕ್ಕೆ ಸಿಗದು, ಸೂಜಿಗೆ ದಾರ ಪೋಣಿಸುವ ದೃಷ್ಟಿಯಂತೂ ಇಲ್ಲವೇ ಇಲ್ಲ. ಅಂದಮೇಲೆ ಅದು ಗೆಲ್ಲುವುದು ಎಲ್ಲಿ? ವೇಗದಲ್ಲಿ. ಬೆಳಕು ಬೇಗ ಬೇಗ ಮಿನುಗಿದರೆ ಸೆಕೆಂಡಿಗೆ ಸುಮಾರು 60 ಸಲ ದಾಟಿದ ಮೇಲೆ ನಮ್ಮ ಕಣ್ಣಿಗೆ ಅದು ಒಂದೇ ಸಮನೆ ಉರಿಯುವಂತೆ ಕಾಣುತ್ತದೆ. ನೊಣ ಸೆಕೆಂಡಿಗೆ 200ಕ್ಕೂ ಹೆಚ್ಚು ಮಿನುಗನ್ನು ಬೇರೆ ಬೇರೆಯಾಗಿಯೇ ಕಾಣಬಲ್ಲದು. ನಿಮ್ಮ ಬೀಸು ಕೈ ಅದಕ್ಕೆ ನಿಧಾನವಾಗಿ ಓಡಿಸಿದ ವಿಡಿಯೋ ಇದ್ದಂತೆ.

ಲೆಕ್ಕ ಹಾಕಿ ನೋಡೋಣ. ನೊಣ ಹೊಡೆಯುವ ಬ್ಯಾಟಿನ ಅಗಲ 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಅದು ನೊಣದ ಕಣ್ಣಿನಲ್ಲಿ ಅಡ್ಡಕ್ಕೆ ಮೂರು ಚುಕ್ಕಿಯಷ್ಟು. ಅರ್ಧ ಮೀಟರಿಗೆ ಬಂದಾಗ ಐದಾರು, ಕಾಲು ಮೀಟರಿಗೆ ಬಂದಾಗ ಹನ್ನೊಂದು. ನೀವು ಜೋರಾಗಿ, ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬೀಸಿದರೂ ಆ ಒಂದು ಮೀಟರ್ ದಾಟಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕಪ್ಪು ಚುಕ್ಕಿಗಳು ಎಲ್ಲ ಕಡೆಗೂ ಹಬ್ಬುತ್ತಿವೆ ಎಂದರೆ ಏನೋ ಮೈಮೇಲೆ ಬರುತ್ತಿದೆ ಎಂದೇ ಅರ್ಥ. ಅದು ಬ್ಯಾಟೋ ಹಸುವಿನ ಬಾಲವೋ ಎಂದು ನೊಣ ಯೋಚಿಸಬೇಕಿಲ್ಲ.

ಹಾರುವ ಮೊದಲು ಅದು ಇನ್ನೊಂದು ಕೆಲಸ ಮಾಡುತ್ತದೆ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಗ್ವಿನೆತ್ ಕಾರ್ಡ್ ಮತ್ತು ಮೈಕೆಲ್ ಡಿಕಿನ್ಸನ್ ಅದನ್ನು 2008ರಲ್ಲಿ ಪ್ರಕಟಿಸಿದರು. ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣಗಳ ಕಡೆಗೆ 14 ಸೆಂ.ಮೀ. ಅಗಲದ ಕಪ್ಪು ಬಿಲ್ಲೆಯನ್ನು ಬೀಳಿಸಿ, ಅತಿವೇಗದ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಬಿಲ್ಲೆ ಮುಂದಿನಿಂದ ಬಂದರೆ ನೊಣ ನಡುವಿನ ಜೋಡಿ ಕಾಲನ್ನು ಮುಂದಕ್ಕೆ ಊರಿ, ಮೈಯನ್ನು ಹಿಂದಕ್ಕೆ ವಾಲಿಸಿ, ಹಿಂದಕ್ಕೆ ನೆಗೆಯುತ್ತದೆ. ಹಿಂದಿನಿಂದ ಬಂದರೆ ಆ ಕಾಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮುಂದಕ್ಕೆ ನೆಗೆಯುತ್ತದೆ. ಪಕ್ಕದಿಂದ ಬಂದರೆ ಕಾಲು ಕದಲಿಸದೆ ಮೈಯನ್ನಷ್ಟೇ ಆಚೆ ಬದಿಗೆ ವಾಲಿಸುತ್ತದೆ. ಈ ಸಿದ್ಧತೆ ರೆಕ್ಕೆ ಬಡಿಯುವುದಕ್ಕೆ ಮೊದಲೇ ಮುಗಿದಿರುತ್ತದೆ. ನೊಣ ಕುಳಿತ ಜಾಗಕ್ಕೆ ಹೊಡೆದರೆ ನೀವು ಹೊಡೆಯುವುದು ಖಾಲಿ ಜಾಗಕ್ಕೆ!

ಹಾಗಾಗಿ ನೊಣದ ಹಿಂದಿನಿಂದ ಹೊಡೆಯುವಾಗ ಅದರ ತಲೆಗಿಂತ ತುಸು ಮುಂದಕ್ಕೆ ಗುರಿಯಿಡಿ. ಅದು ನಿಮ್ಮ ಕಡೆ ಮುಖ ಮಾಡಿದ್ದರೆ ಅದರ ಬಾಲದಾಚೆಗೆ ಹೊಡೆಯಿರಿ. ಒಂದು ಗೇಣು ದೂರದವರೆಗೆ ಮೆಲ್ಲಗೆ ಹೋಗಿ ಆಮೇಲೆ ಬೀಸಿದರೆ ಚುಕ್ಕಿಗಳು ನಿಧಾನಕ್ಕೆ ಹಬ್ಬುತ್ತವೆ, ನೊಣಕ್ಕೆ ಎಚ್ಚರವಾಗುವುದೂ ತಡ. ಟವೆಲ್ಲಿಗಿಂತ ತೂತಿನ ಬ್ಯಾಟು ಮೇಲು. ಟವೆಲ್ ತನ್ನ ಮುಂದೆ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ, ಅದು ನೊಣದ ಮೈಮೇಲಿನ ಕೂದಲಿಗೆ ಗೊತ್ತಾಗಿಬಿಡುತ್ತದೆ. ಚಳಿಯ ಬೆಳಗಿನಲ್ಲಿ ನೊಣದ ಮೈ ಜಡವಾಗಿರುವುದರಿಂದ ಏಟು ಸುಲಭವಾಗಿ ತಗಲುತ್ತದೆ.

ಇಷ್ಟಾದರೂ ಬ್ಯಾಟು ಹಿಡಿದು ಕೊಟ್ಟಿಗೆಯ ನೊಣಗಳನ್ನೆಲ್ಲ ಮುಗಿಸಲು ಆಗದು. ಅಂಟು ಹಾಳೆ ತೂಗುಹಾಕಿದರೆ ಒಳ್ಳೆಯದು, ಏಕೆಂದರೆ ಅದು ನೊಣದ ಮೈಮೇಲೆ ಬರುವುದಿಲ್ಲ, ನೊಣವೇ ಬಂದು ಕೂರುತ್ತದೆ. ಅದಕ್ಕಿಂತ ಸುಲಭವಾಗಿ ಸಿಗುವುದು ಸಗಣಿಯಲ್ಲಿರುವ ಬಿಳಿ ಹುಳು. ನೊಣದ ಆ ಮರಿಗೆ ಇಂಥ ಕಣ್ಣೂ ಇಲ್ಲ, ರೆಕ್ಕೆಯೂ ಇಲ್ಲ. ಬೇಸಿಗೆಯಲ್ಲಿ ಮೊಟ್ಟೆ ನೊಣವಾಗಲು ವಾರದಿಂದ ಹತ್ತು ದಿನ ಸಾಕು. ಗೊಂತಿನ ಮೂಲೆಯಲ್ಲಿ, ನೀರು ಕುಡಿಸುವ ತೊಟ್ಟಿಯ ಬುಡದಲ್ಲಿ ಉಳಿದ ಹಸಿ ಸಗಣಿಯನ್ನು ಅಷ್ಟರೊಳಗೆ ಕೆರೆದು ತೆಗೆದರೆ ಆ ಹುಳು ನೊಣವಾಗಿ ಕೊಟ್ಟಿಗೆಗೆ ಬರುವುದಿಲ್ಲ.