ಸಮ ಬಂದವರ ಸಾಲು ಕದಲದಿರಲಿ

ಶಾಲೆಯೊಂದರಲ್ಲಿ ಹಾಜರಿ ಪಟ್ಟಿ ತಯಾರಾಗಬೇಕಿದೆ. ಮೊದಲು ಎ ವಿಭಾಗದ ಮಕ್ಕಳು, ಆಮೇಲೆ ಬಿ ವಿಭಾಗದವರು. ಆಯಾ ವಿಭಾಗದೊಳಗೆ ಹೆಸರುಗಳು ಅಕಾರಾದಿಯಲ್ಲಿ ಇರಬೇಕು. ಕಂಪ್ಯೂಟರಿನಲ್ಲಿ ಇದನ್ನು ಎರಡು ಸಲ ಸಾರ್ಟ್ ಮಾಡಿ ಮುಗಿಸುವುದು ರೂಢಿ: ಒಮ್ಮೆ ಹೆಸರಿನ ಮೇಲೆ, ಇನ್ನೊಮ್ಮೆ ವಿಭಾಗದ ಮೇಲೆ. ಹೆಚ್ಚಿನ ಸಲ ಪಟ್ಟಿ ಸರಿಯಾಗಿಯೇ ಬರುತ್ತದೆ. ಕೆಲವೊಮ್ಮೆ ಮಾತ್ರ ವಿಭಾಗಗಳು ಸರಿಯಿದ್ದು, ಒಳಗಿನ ಹೆಸರುಗಳು ಹಿಂದುಮುಂದಾಗಿರುತ್ತವೆ. ಯಂತ್ರವೂ ಕೆಟ್ಟಿಲ್ಲ, ದತ್ತಾಂಶವೂ ತಪ್ಪಿಲ್ಲ. ಹಾಗಿದ್ದರೆ ಆಗಿದ್ದೇನು? ಆರು ಮಕ್ಕಳ ಪಟ್ಟಿಯೊಂದನ್ನು ಹಿಡಿದು ನೋಡೋಣ.

ಹೆಸರಿನ ಮೇಲೆ ಸಾರ್ಟ್ ಮಾಡಿದ ಮೇಲೆ ಪಟ್ಟಿ ಹೀಗಿದೆ: ಅನಿತಾ (ಬಿ), ಕಿರಣ್ (ಎ), ಗೀತಾ (ಬಿ), ಮಂಜುನಾಥ (ಎ), ರಮ್ಯಾ (ಬಿ), ಸುರೇಶ (ಎ).

ಈಗ ವಿಭಾಗದ ಮೇಲೆ ಸಾರ್ಟ್ ಮಾಡಬೇಕು. ಈ ಸುತ್ತಿನಲ್ಲಿ ಕಂಪ್ಯೂಟರ್ ಹೆಸರನ್ನು ನೋಡುವುದೇ ಇಲ್ಲ. ಅದರ ಕಣ್ಣಿಗೆ ಕಿರಣ್, ಮಂಜುನಾಥ, ಸುರೇಶ ಮೂವರೂ ಬರೀ ‘ಎ’. ಈ ಮೂವರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಸಾರ್ಟ್ ಮಾಡುವ ವಿಧಾನಕ್ಕೆ ಬಿಟ್ಟದ್ದು. ‘ಸಮ ಬಂದವರನ್ನು ಮೊದಲಿದ್ದ ಸಾಲಿನಲ್ಲೇ ಬಿಡುತ್ತೇನೆ’ ಎಂದು ಭರವಸೆ ಕೊಡುವ ವಿಧಾನಕ್ಕೆ ಸ್ಟೇಬಲ್ ಸಾರ್ಟ್, ಅಂದರೆ ಸ್ಥಿರ ವಿಂಗಡಣೆ, ಎನ್ನುತ್ತಾರೆ. ಅಂಥ ವಿಧಾನದಲ್ಲಿ ಎ ವಿಭಾಗ ಕಿರಣ್, ಮಂಜುನಾಥ, ಸುರೇಶ ಎಂದೂ ಬಿ ವಿಭಾಗ ಅನಿತಾ, ಗೀತಾ, ರಮ್ಯಾ ಎಂದೂ ಬರುತ್ತದೆ. ಮೊದಲ ಸುತ್ತಿನಲ್ಲಿ ಪಟ್ಟ ಶ್ರಮ ಎರಡನೆಯ ಸುತ್ತಿನಲ್ಲೂ ಉಳಿಯಿತು.

ಭರವಸೆ ಇಲ್ಲದ ವಿಧಾನದಲ್ಲಿ ಏನಾಗುತ್ತದೆ? ಕಾಲೇಜಿನಲ್ಲಿ ಮೊದಮೊದಲು ಕಲಿಸುವ ಸೆಲೆಕ್ಷನ್ ಸಾರ್ಟ್ ತೆಗೆದುಕೊಳ್ಳಿ. ಉಳಿದವರಲ್ಲಿ ಮೊದಲು ಬರಬೇಕಾದವರನ್ನು ಹುಡುಕಿ, ಮುಂದಿನ ಜಾಗದಲ್ಲಿ ಇರುವವರೊಂದಿಗೆ ಅದಲುಬದಲು ಮಾಡುವುದು ಅದರ ಕ್ರಮ. ಮೊದಲ ಹೆಜ್ಜೆಯಲ್ಲಿ ಕಿರಣ್ ಮೊದಲ ಜಾಗಕ್ಕೆ ಬಂದು, ಅಲ್ಲಿದ್ದ ಅನಿತಾ ಎರಡನೆಯ ಜಾಗಕ್ಕೆ ಹೋಗುತ್ತಾಳೆ. ಎರಡನೆಯ ಹೆಜ್ಜೆಯಲ್ಲಿ ಮಂಜುನಾಥ ಎರಡನೆಯ ಜಾಗಕ್ಕೆ ಬರುತ್ತಾನೆ. ಅನಿತಾ ನಾಲ್ಕನೆಯ ಜಾಗಕ್ಕೆ ಹೋಗಿ ಗೀತಾಳ ಹಿಂದೆ ಬೀಳುತ್ತಾಳೆ. ಮೂರನೆಯ ಹೆಜ್ಜೆಯಲ್ಲಿ ಕೊನೆಯಲ್ಲಿದ್ದ ಸುರೇಶ ಮೂರನೆಯ ಜಾಗಕ್ಕೆ ಬರುತ್ತಾನೆ; ಅಲ್ಲಿದ್ದ ಗೀತಾ ಸೀದಾ ಕೊನೆಗೆ ಹೋಗುತ್ತಾಳೆ. ಅಂತಿಮ ಪಟ್ಟಿ: ಕಿರಣ್, ಮಂಜುನಾಥ, ಸುರೇಶ, ಅನಿತಾ, ರಮ್ಯಾ, ಗೀತಾ.

ಎ ವಿಭಾಗ ಅಚ್ಚುಕಟ್ಟಾಗಿದೆ. ಬಿ ವಿಭಾಗದಲ್ಲಿ ಮಾತ್ರ ರಮ್ಯಾ ಗೀತಾಳಿಗಿಂತ ಮುಂದೆ ಬಂದಿದ್ದಾಳೆ. ಮೇಲಿನ ಅರ್ಧ ನೋಡಿ ತೃಪ್ತಿಪಟ್ಟವರಿಗೆ ತಪ್ಪು ಕಾಣುವುದೇ ಇಲ್ಲ. ದೂರದ ಇಬ್ಬರನ್ನು ಅದಲುಬದಲು ಮಾಡುವಾಗ, ನಡುವೆ ಇರುವ ತನ್ನ ಸಮಾನರನ್ನು ಹಾರಿ ಆಚೆ ಬೀಳುವುದೇ ಈ ಕೆಡುಕಿನ ಮೂಲ. ಹೆಸರಾಂತ ಕ್ವಿಕ್‌ಸಾರ್ಟ್‌ನಲ್ಲೂ ಹೀಗೆ ದೂರ ದೂರದ ಅದಲುಬದಲು ಇರುವುದರಿಂದ ಸಾಮಾನ್ಯವಾಗಿ ಅದೂ ಸ್ಥಿರವಲ್ಲ.

ಮರ್ಜ್ ಸಾರ್ಟ್ ಬೇರೆ ದಾರಿ ಹಿಡಿಯುತ್ತದೆ. ಪಟ್ಟಿಯನ್ನು ಎರಡು ಭಾಗ ಮಾಡಿ, ಎರಡನ್ನೂ ಬೇರೆ ಬೇರೆಯಾಗಿ ಕ್ರಮಕ್ಕೆ ತಂದು, ಆಮೇಲೆ ಎರಡೂ ಸಾಲಿನ ಮುಂಚೂಣಿಯಲ್ಲಿರುವವರನ್ನು ಹೋಲಿಸುತ್ತಾ ಒಂದಾಗಿ ಹೆಣೆಯುತ್ತದೆ. ಸ್ಥಿರತೆಯ ಗುಟ್ಟೆಲ್ಲ ಈ ಹೋಲಿಕೆಯ ಒಂದೇ ಚಿಹ್ನೆಯಲ್ಲಿದೆ:

```python
if left[i] <= right[j]:
    out.append(left[i])
```

ಇಬ್ಬರೂ ಸಮವಾದಾಗ ಎಡಗಡೆಯವರನ್ನೇ ಮೊದಲು ತೆಗೆದುಕೊಳ್ಳಬೇಕು, ಏಕೆಂದರೆ ಮೂಲ ಪಟ್ಟಿಯಲ್ಲಿ ಅವರೇ ಮುಂದೆ ಇದ್ದವರು. ಇಲ್ಲಿ `<=` ಬದಲು `<` ಬರೆದರೆ ಸಮ ಬಂದಾಗಲೆಲ್ಲ ಬಲಗಡೆಯವರು ಮುಂದೆ ನುಗ್ಗುತ್ತಾರೆ. ಆಗಲೂ ವಿಭಾಗಗಳು ಸರಿಯಾಗಿಯೇ ಬರುತ್ತವೆ. ಹೆಸರುಗಳ ಸಾಲು ಮಾತ್ರ ಕಲಸಿಹೋಗುತ್ತದೆ. ಈ ವಿಧಾನಕ್ಕೆ ತೆರಬೇಕಾದ ಬೆಲೆಯೂ ಉಂಟು: ಹೆಣೆಯುವಾಗ ಹೊಸ ಸಾಲನ್ನು ಇಡಲು ಹೆಚ್ಚಿನ ಮೆಮೊರಿ ಬೇಕು.

ಎರಡು ಸುತ್ತಿನ ವಿಂಗಡಣೆಯಲ್ಲಿ ಅನೇಕರು ಎಡವುವ ಇನ್ನೊಂದು ಜಾಗ ಸುತ್ತುಗಳ ಸರದಿ. ವಿಭಾಗ ಮುಖ್ಯ, ಆದ್ದರಿಂದ ಮೊದಲು ವಿಭಾಗ, ಆಮೇಲೆ ಹೆಸರು ಎಂದು ಮನಸ್ಸು ಹೇಳುತ್ತದೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಕೊನೆಯ ಸುತ್ತಿನ ಮಾತೇ ನಡೆಯುವುದರಿಂದ ಮುಖ್ಯವಾದ ಕೀ ಕೊನೆಗೆ ಬರಬೇಕು. ಹಿಂದಿನ ಸುತ್ತಿನ ಮಾತು ಸಮ ಬಂದವರ ನಡುವೆ ಮಾತ್ರ ನಡೆಯುತ್ತದೆ. ಹೆಸರನ್ನು ಕೊನೆಗೆ ಇಟ್ಟರೆ ಎ, ಬಿ ಎರಡೂ ವಿಭಾಗದವರು ಬೆರೆತುಹೋಗುತ್ತಾರೆ, ವಿಧಾನ ಎಷ್ಟೇ ಸ್ಥಿರವಾಗಿದ್ದರೂ ಸರಿಯೇ.

ಕಂಪ್ಯೂಟರ್ ಬರುವ ಮೊದಲೇ ಈ ನಿಯಮ ಪಂಚ್ ಕಾರ್ಡ್ ವಿಂಗಡಿಸುವವರ ಕೈಯಲ್ಲಿ ದಿನನಿತ್ಯ ಬಳಕೆಯಾಗುತ್ತಿತ್ತು. ಕಾರ್ಡ್ ಸಾರ್ಟರ್ ಯಂತ್ರ ಒಂದು ಸಲಕ್ಕೆ ಒಂದೇ ಅಂಕಣವನ್ನು ಓದಿ, ಅಲ್ಲಿರುವ ಅಂಕೆಗೆ ತಕ್ಕ ಗೂಡಿಗೆ ಕಾರ್ಡನ್ನು ಬೀಳಿಸುತ್ತಿತ್ತು. 27, 21, 14 ಎಂಬ ಮೂರು ಕಾರ್ಡುಗಳಿವೆ ಎನ್ನಿ. ಮೊದಲು ಬಿಡಿ ಸ್ಥಾನ: 21, 14, 27. ಆಮೇಲೆ ಹತ್ತರ ಸ್ಥಾನ: 14, 21, 27. ಎರಡನೆಯ ಸುತ್ತಿನಲ್ಲಿ 21 ಮತ್ತು 27 ಎರಡೂ ‘2’ರ ಗೂಡಿಗೇ ಬಿದ್ದವು. 21 ಮುಂದೆ ಉಳಿದದ್ದು ಮೊದಲ ಸುತ್ತಿನ ಸಾಲು ಕದಲದ ಕಾರಣದಿಂದ. ಗೂಡಿನಿಂದ ಕಾರ್ಡುಗಳ ಕಟ್ಟನ್ನು ತೆಗೆಯುವಾಗ ಕೈತಪ್ಪಿ ಸಾಲು ಕಲಸಿದರೆ ಹಿಂದಿನ ಸುತ್ತುಗಳ ಕೆಲಸವೆಲ್ಲ ನೀರುಪಾಲು.

ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಈ ಭರವಸೆ ಒಂದೇ ತೆರನಾಗಿಲ್ಲ. ಪೈಥಾನ್‌ನ `sort` ಸ್ಥಿರ; 2002ರಲ್ಲಿ ಟಿಮ್ ಪೀಟರ್ಸ್ ರೂಪಿಸಿದ ಟಿಮ್‌ಸಾರ್ಟ್ ಮರ್ಜ್ ಸಾರ್ಟ್‌ನ ಬಳಗಕ್ಕೇ ಸೇರಿದ್ದು. ಸಿ ಭಾಷೆಯ `qsort` ಅಂಥ ಮಾತು ಕೊಡುವುದಿಲ್ಲ. ಸಿ++ನಲ್ಲಿ `sort` ಬೇರೆ, `stable_sort` ಬೇರೆ. ಬೇಕಾದದ್ದನ್ನು ನಾವೇ ಆರಿಸಿಕೊಳ್ಳಬೇಕು.

ಜಾವಾಸ್ಕ್ರಿಪ್ಟ್‌ನ ಕಥೆ ಇವೆಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಕ್ರೋಮ್ ಬ್ರೌಸರಿನ ವಿ8 ಎಂಜಿನ್, ಪಟ್ಟಿಯಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ದಾಖಲೆಗಳಿದ್ದರೆ ಇನ್ಸರ್ಷನ್ ಸಾರ್ಟ್ ಬಳಸುತ್ತಿತ್ತು; ಅದು ಸ್ಥಿರ. 10 ದಾಟಿದರೆ ಕ್ವಿಕ್‌ಸಾರ್ಟ್, ಅದು ಸ್ಥಿರವಲ್ಲ. ಆರೇಳು ಹೆಸರು ಹಾಕಿ ಪರೀಕ್ಷಿಸಿದ ಪ್ರೋಗ್ರಾಮರ್‌ಗೆ ಎಲ್ಲವೂ ಸರಿ ಕಾಣುತ್ತಿತ್ತು, ನಲವತ್ತು ಹೆಸರಿನ ನಿಜವಾದ ಪಟ್ಟಿ ಬಂದಾಗ ಸಾಲು ಕೆಡುತ್ತಿತ್ತು. 2018ರಲ್ಲಿ ಕ್ರೋಮ್ 70ರೊಂದಿಗೆ ವಿ8 ಟಿಮ್‌ಸಾರ್ಟ್‌ಗೆ ಬದಲಾಯಿತು. 2019ರ ಭಾಷಾ ಮಾನಕ ಸ್ಥಿರತೆಯನ್ನು ಕಡ್ಡಾಯ ಮಾಡಿತು.

ಡೇಟಾಬೇಸ್‌ನಲ್ಲಂತೂ ಹಿಂದಿನ ಸಾಲನ್ನು ನಂಬಿ ಕೂರುವ ಹಾಗಿಲ್ಲ. `ORDER BY section` ಎಂದಷ್ಟೇ ಬರೆದರೆ ಒಂದೇ ವಿಭಾಗದವರು ಯಾವ ಸಾಲಿನಲ್ಲಿ ಬೇಕಾದರೂ ಬರಬಹುದು. ಇವತ್ತು ಬಂದ ಸಾಲು ನಾಳೆ ಬರಲೇಬೇಕೆಂದೂ ಇಲ್ಲ. ಅಲ್ಲಿ ಎರಡೂ ಕೀಗಳನ್ನು ಒಟ್ಟಿಗೇ ಹೇಳಬೇಕು:

```sql
ORDER BY section, name
```

ಇಲ್ಲಿ ಗಮನಿಸಿ, ಮುಖ್ಯವಾದ ಕೀ ಮೊದಲು ಬರುತ್ತದೆ. ಇದು ಎರಡು ಸುತ್ತಲ್ಲ, ಒಂದೇ ಸುತ್ತಿನ ಹೋಲಿಕೆ: ವಿಭಾಗ ಸಮವಾದರೆ ಹೆಸರು ನೋಡು ಎಂದರ್ಥ. ವಿಧಾನ ಸ್ಥಿರವೋ ಅಲ್ಲವೋ ಎಂಬ ಚಿಂತೆಯೇ ಇಲ್ಲಿ ಬೇಕಿಲ್ಲ.

ನೀವು ಬಳಸುವ ತಂತ್ರಾಂಶದ ಬಗ್ಗೆ ಅನುಮಾನವಿದ್ದರೆ ಪರೀಕ್ಷೆ ಸುಲಭ. ನೂರು ಸಾಲಿನ ಪಟ್ಟಿ ಮಾಡಿ 1ರಿಂದ 100ರವರೆಗೆ ಕ್ರಮಸಂಖ್ಯೆ ಹಾಕಿ. ಇನ್ನೊಂದು ಅಂಕಣದಲ್ಲಿ ಎ, ಬಿ, ಸಿ ಎಂಬ ಮೂರೇ ಅಕ್ಷರಗಳನ್ನು ಅಡ್ಡಾದಿಡ್ಡಿಯಾಗಿ ತುಂಬಿ, ಅಕ್ಷರದ ಮೇಲೆ ಸಾರ್ಟ್ ಮಾಡಿ. ಪ್ರತಿ ಅಕ್ಷರದ ಗುಂಪಿನೊಳಗೆ ಕ್ರಮಸಂಖ್ಯೆಗಳು ಏರುತ್ತಲೇ ಹೋಗಬೇಕು. ಒಂದೇ ಒಂದು ಕಡೆ ಇಳಿದಿದ್ದರೂ ಆ ವಿಧಾನ ಸ್ಥಿರವಲ್ಲ. ಇಳಿಯದಿದ್ದರೆ ಅದು ಭರವಸೆಯೇನಲ್ಲ. ಈ ಒಂದು ಪಟ್ಟಿಯಲ್ಲಿ ತಪ್ಪಲಿಲ್ಲ ಎಂದಷ್ಟೇ ಅರ್ಥ. ಭರವಸೆ ಕೈಪಿಡಿಯಲ್ಲಿ ಬರೆದಿರಬೇಕು. ಬರೆದಿಲ್ಲವಾದರೆ ಆ ಕ್ರಮಸಂಖ್ಯೆಯನ್ನೇ ಕೊನೆಯ ಕೀ ಆಗಿ ಸೇರಿಸಿಬಿಡಿ. ಆಗ ಯಾವ ಇಬ್ಬರೂ ಸಮ ಬರುವುದಿಲ್ಲ, ಸಾಲನ್ನು ಕಲಸುವ ಅವಕಾಶವೇ ಯಂತ್ರಕ್ಕೆ ಸಿಗುವುದಿಲ್ಲ.