ಅಳಿಸುವ ಮೊದಲು ಒಂದು ತಾರೀಖು

2023ರ ಡಿಸೆಂಬರ್‌ನಲ್ಲಿ ಅಂಧೇರಿಯ ನಮ್ಮ ಕಚೇರಿಗೆ ಜಿಎಸ್‌ಟಿ ನೋಟಿಸ್ ಒಂದು ಬಂತು. 2018-19ರಲ್ಲಿ ನಾವು ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಸುಮಾರು 6,40,000 ರೂಪಾಯಿ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ ಎಂದಿತ್ತು. ನನಗೆ ಗಾಬರಿಯೇನೂ ಆಗಲಿಲ್ಲ. ಆ ವರ್ಷದ ಹನ್ನೆರಡೂ ತಿಂಗಳ ವರದಿಗಳನ್ನು ಮಾಡಿದವನು ನಾನೇ. ಎಲ್ಲವೂ ಸರ್ವರ್‌ನಲ್ಲಿ ಭದ್ರವಾಗಿದ್ದವು.

ಇಲ್ಲದಿದ್ದದ್ದು ಆ ವರದಿಗಳಿಗೆ ಆಧಾರವಾಗಿದ್ದ ಕಚ್ಚಾ ಡೇಟಾ. ಪ್ರತಿ ತಿಂಗಳೂ ಸಾಫ್ಟ್‌ವೇರ್‌ನಿಂದ ಇಳಿಸಿಕೊಳ್ಳುತ್ತಿದ್ದ, ನಾವು ‘ಡಂಪ್’ ಎಂದು ಕರೆಯುವ ಖರೀದಿ ಪಟ್ಟಿಯ ಕಡತಗಳು. ಸರ್ವರ್ ತುಂಬಿದೆ ಎಂದು ಐಟಿಯವರು ಹೇಳಿದಾಗ ಅವನ್ನು ಅಳಿಸಿದವನೂ ನಾನೇ. ‘ಬೇಕಾದರೆ ಮತ್ತೆ ಇಳಿಸಿಕೊಂಡರಾಯಿತು’ ಎಂದುಕೊಂಡಿದ್ದೆ.

ಮತ್ತೆ ಇಳಿಸಿಕೊಂಡೆ. ಲೆಕ್ಕ ಹೊಂದಲಿಲ್ಲ. ಕಾರಣ ಹುಡುಕಲು ಎರಡು ದಿನ ಬೇಕಾಯಿತು. ನಮ್ಮ ಇಬ್ಬರು ಸರಬರಾಜುದಾರರು 2020ರಲ್ಲಿ ತಮ್ಮ ಜಿಎಸ್‌ಟಿ ನಂಬರ್ ಬದಲಾಯಿಸಿಕೊಂಡಿದ್ದರು. ನಮ್ಮವರು ಹಳೆಯ ಖಾತೆಯಲ್ಲೇ ಹೊಸ ನಂಬರ್ ತುಂಬಿದ್ದರು. ಬಿಲ್ಲಿನ ಮೊತ್ತ, ತಾರೀಖು ಹಳೆಯವೇ. ಆದರೆ ಸರಬರಾಜುದಾರರ ಹೆಸರು, ನಂಬರ್‌ಗಳನ್ನು ಸಾಫ್ಟ್‌ವೇರ್ ತೆಗೆದುಕೊಳ್ಳುವುದು ಇಂದಿನ ಖಾತೆಯಿಂದ. ಹಾಗಾಗಿ 2018ರ ಬಿಲ್ಲುಗಳ ಮೇಲೆ 2020ರ ನಂಬರ್ ಕೂತಿತ್ತು. ಇದರ ಜೊತೆಗೆ, ತಿಂಗಳು ಮುಗಿದ ಮೇಲೆ ಹಿಂದಿನ ತಾರೀಖು ಹಾಕಿ ಸೇರಿಸಿದ ಒಂದಷ್ಟು ಕ್ರೆಡಿಟ್ ನೋಟುಗಳೂ ಇದ್ದವು. ಅಂದು ನಾನು ಕಂಡ ಪಟ್ಟಿ ಈಗ ಯಾವ ಸಾಫ್ಟ್‌ವೇರ್‌ನಲ್ಲೂ ಇರಲಿಲ್ಲ. ಕೊನೆಗೆ ಭಿವಂಡಿಯ ಗೋದಾಮಿನಲ್ಲಿ ಕೂತು ಪೆಟ್ಟಿಗೆಗಳಿಂದ 212 ಬಿಲ್ಲುಗಳನ್ನು ಹೆಕ್ಕಿ ತೆಗೆದೆವು. ಹನ್ನೊಂದು ದಿನದ ಕೆಲಸ.

ವರದಿ ಹೇಳುವುದು ನಾವು ಏನು ತೀರ್ಮಾನಿಸಿದೆವು ಎಂಬುದನ್ನು. ಯಾವುದನ್ನು ನೋಡಿ ತೀರ್ಮಾನಿಸಿದೆವು ಎಂಬುದಕ್ಕೆ ಸಾಕ್ಷಿ ಕಚ್ಚಾ ಡೇಟಾ ಮಾತ್ರ. ಆದ್ದರಿಂದ ವರದಿಗೆ ಎಷ್ಟು ಆಯುಸ್ಸೋ ಅದರ ಡಂಪಿಗೂ ಅಷ್ಟೇ ಇರಬೇಕು. ಬೇಗ ಅಳಿಸಬಹುದಾದದ್ದು ಇವೆರಡರ ನಡುವಿನ ಕಡತಗಳನ್ನು: ‘ಫೈನಲ್-2’, ‘ಫೈನಲ್-ಹೊಸದು’ ಎಂಬ ಹೆಸರಿನವು. ವಾರ್ಷಿಕ ಲೆಕ್ಕಪರಿಶೋಧನೆ ಮುಗಿದ ಮೇಲೆ ಅವನ್ನು ನಾವು ಇಟ್ಟುಕೊಳ್ಳುವುದಿಲ್ಲ. ನಾನು ಮಾಡಿದ್ದು ತದ್ವಿರುದ್ಧ. ಕಡತದ ಗಾತ್ರ ನೋಡಿ ದೊಡ್ಡದನ್ನು ಅಳಿಸಿದ್ದೆ.

ಹಾಗಾದರೆ ಆಯುಸ್ಸು ಎಷ್ಟು? ಅದೇ 2018-19ನ್ನು ತೆಗೆದುಕೊಳ್ಳೋಣ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಕೊನೆಯ ದಿನ ಯಾವುದೋ ಅಲ್ಲಿಂದ 72 ತಿಂಗಳು ದಾಖಲೆ ಇಡಬೇಕು. ಆರ್ಥಿಕ ವರ್ಷ ಮುಗಿದ ದಿನದಿಂದ ಅಲ್ಲ. ಆ ಸಾಲಿನ ಕೊನೆಯ ದಿನ ಮುಂದೂಡುತ್ತಾ ಹೋಗಿ 2020ರ ಡಿಸೆಂಬರ್ 31ಕ್ಕೆ ನಿಂತಿತು. ಅಲ್ಲಿಂದ 72 ತಿಂಗಳೆಂದರೆ 2026ರ ಡಿಸೆಂಬರ್ 31. ನಮ್ಮದು ಕಂಪನಿಯಾದ್ದರಿಂದ 2013ರ ಕಂಪನಿ ಕಾಯ್ದೆಯೂ ಅನ್ವಯಿಸುತ್ತದೆ. ಯಾವುದೇ ವರ್ಷದಲ್ಲಿ ಅದರ ಹಿಂದಿನ ಎಂಟು ಆರ್ಥಿಕ ವರ್ಷಗಳ ಲೆಕ್ಕಪತ್ರ ಇರಲೇಬೇಕು ಎಂದು ಅದರ 128ನೇ ಕಲಂ ಹೇಳುತ್ತದೆ. ಅದರಂತೆ 2018-19ರ ಕಡತಗಳು 2027ರ ಮಾರ್ಚ್ 31ರ ತನಕ ಬೇಕು. ಎರಡರಲ್ಲಿ ದೂರದ ತಾರೀಖೇ ನಮ್ಮ ತಾರೀಖು. ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ, ಅದು ಅಂತಿಮವಾಗಿ ಇತ್ಯರ್ಥವಾದ ಮೇಲೂ ಒಂದು ವರ್ಷ ಇಡಬೇಕು. ಆದ್ದರಿಂದ ನೋಟಿಸ್ ಬಂದ ದಿನವೇ ಆ ವರ್ಷದ ಫೋಲ್ಡರಿಗೆ ‘ತಡೆ’ ಎಂದು ಗುರುತು ಹಾಕುತ್ತೇವೆ. ಅಳಿಸುವ ತಾರೀಖು ದಾಟಿದರೂ ಯಾರೂ ಮುಟ್ಟುವಂತಿಲ್ಲ.

ಈ ತಾರೀಖನ್ನು ಎಲ್ಲಿ ಬರೆದಿಡುವುದು? ಕಂಪ್ಯೂಟರ್ ತೋರಿಸುವ ತಾರೀಖನ್ನು ನಂಬುವಂತಿಲ್ಲ. ಕಡತವನ್ನು ಬೇರೆ ಡಿಸ್ಕಿಗೆ ನಕಲಿಸಿದರೆ ಅದು ‘ಹುಟ್ಟಿದ ದಿನ’ ಬದಲಾಗುತ್ತದೆ. ತೆರೆದು ಸೇವ್ ಒತ್ತಿದರೆ ‘ತಿದ್ದಿದ ದಿನ’ ಬದಲಾಗುತ್ತದೆ. ಹಾಗಾಗಿ ಫೋಲ್ಡರಿನ ಹೆಸರಿನಲ್ಲೇ ಬರೆಯುತ್ತೇವೆ:

```
2018-19_GST_DELETE-AFTER_2027-03-31
```

ಇನ್ನು ಭದ್ರವಾಗಿ ಇಡುವ ಮಾತು. ಇಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು, ಡಂಪನ್ನು ಎಕ್ಸೆಲ್‌ನಲ್ಲಿ ತೆರೆದು, ಒಮ್ಮೆ ಕಣ್ಣಾಡಿಸಿ, ಸೇವ್ ಮಾಡಿ ಇಡುವುದು. CSV ಕಡತ ತೆರೆದಾಗ ಎಕ್ಸೆಲ್ ತನಗೆ ತೋಚಿದ ಅರ್ಥ ಮಾಡಿಕೊಳ್ಳುತ್ತದೆ. 00457 ಎಂಬ ಬಿಲ್ ನಂಬರ್ 457 ಆಗುತ್ತದೆ. 12E5 ಎಂಬುದು ಹನ್ನೆರಡು ಲಕ್ಷವಾಗುತ್ತದೆ. 15 ಅಂಕೆಗಳಿಗಿಂತ ಉದ್ದದ ನಂಬರಿನಲ್ಲಿ ಉಳಿದ ಅಂಕೆಗಳೆಲ್ಲ ಸೊನ್ನೆಯಾಗುತ್ತವೆ. ಸೇವ್ ಒತ್ತಿದ ಮೇಲೆ ಹಳೆಯದು ವಾಪಸ್ ಬರುವುದಿಲ್ಲ. ಆದ್ದರಿಂದ ಇಳಿಸಿದ ಕಡತವನ್ನು ತೆರೆಯದೆಯೇ ಒಂದು ಪ್ರತಿ ಎತ್ತಿಡುತ್ತೇವೆ. ಕೆಲಸವೆಲ್ಲ ಇನ್ನೊಂದು ಪ್ರತಿಯಲ್ಲಿ. ಎತ್ತಿಟ್ಟದ್ದಕ್ಕೆ ವಿಂಡೋಸ್‌ನಲ್ಲೇ ಇರುವ ಈ ಆದೇಶದಿಂದ ಒಂದು ಬೆರಳಚ್ಚು ತೆಗೆಯುತ್ತೇವೆ:

```
certutil -hashfile PR_2018-07.csv SHA256
```

ಇದು 64 ಅಕ್ಷರಗಳ ಒಂದು ಸಾಲು ಕೊಡುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಬೇರೆಯೇ ಆಗುತ್ತದೆ. ಅದನ್ನೂ, ಒಟ್ಟು ಸಾಲುಗಳ ಸಂಖ್ಯೆ, ತೆರಿಗೆಯ ಒಟ್ಟು ಮೊತ್ತ, ಇಳಿಸಿದ ದಿನ, ಯಾವ ಫಿಲ್ಟರ್ ಹಾಕಿ ಇಳಿಸಿದೆವು ಎಂಬುದನ್ನೂ ಸಾದಾ ಟೆಕ್ಸ್ಟ್ ಕಡತವೊಂದರಲ್ಲಿ ಬರೆದು ಜೊತೆಗಿಡುತ್ತೇವೆ. ಎಂಟು ವರ್ಷದ ಮೇಲೆ ಅದನ್ನು ಓದುವವರು ನಾವೇ ಆಗಿರಬೇಕೆಂದಿಲ್ಲವಲ್ಲ.

ಅಂತಿಮ ವರದಿಯನ್ನು ಎಕ್ಸೆಲ್ ಜೊತೆಗೆ ಪಿಡಿಎಫ್ ಆಗಿಯೂ ಇಡುತ್ತೇವೆ. ಬೇರೆ ಕಡತಗಳಿಗೆ ಕೊಂಡಿ ಇರುವ ಎಕ್ಸೆಲ್ ಆದರೆ ಆ ಜಾಗಗಳಲ್ಲಿ ಬರಿ ಮೌಲ್ಯ ತುಂಬಿ ಕೊಂಡಿ ಕಡಿಯುತ್ತೇವೆ. ಇಲ್ಲದಿದ್ದರೆ ಮುಂದೊಂದು ದಿನ ‘ಅಪ್‌ಡೇಟ್ ಮಾಡಲೇ?’ ಎಂದು ಅದು ಕೇಳಿದಾಗ ಯಾರಾದರೂ ಹೂಂ ಎಂದರೆ ಹಳೆಯ ಅಂಕಿಯೇ ಹೋಗಬಹುದು. ಎಲ್ಲವನ್ನೂ ಪಾಸ್‌ವರ್ಡ್ ಹಾಕಿದ ಒಂದು ಜಿಪ್ ಮಾಡಿ ಎರಡು ಕಡೆ ಇಡುತ್ತೇವೆ: ಒಂದು ಕಚೇರಿಯಲ್ಲಿ, ಇನ್ನೊಂದು ಪುಣೆಯ ಶಾಖೆಯಲ್ಲಿ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ತಿಜೋರಿಯೊಳಗಿದೆ. ಒಬ್ಬರ ತಲೆಯಲ್ಲಷ್ಟೇ ಇರುವ ಪಾಸ್‌ವರ್ಡ್ ಅವರು ಕೆಲಸ ಬಿಟ್ಟ ದಿನ ನಮ್ಮ ಪಾಲಿಗೆ ಕಳೆದುಹೋದಂತೆಯೇ.

ಪ್ರತಿ ಏಪ್ರಿಲ್‌ನಲ್ಲಿ ಯಾವುದಾದರೂ ಒಂದು ತಿಂಗಳ ಜಿಪ್ಪನ್ನು ಪುಣೆಯಿಂದ ತರಿಸಿ, ಬಿಚ್ಚಿ, ಬೆರಳಚ್ಚು ಹೋಲಿಸುತ್ತೇವೆ. ಮೊದಲ ವರ್ಷವೇ ಒಂದು ಜಿಪ್ ಅರ್ಧಕ್ಕೇ ನಿಂತಿತು. ನಕಲಿಸುವಾಗ ಯಾರೋ ಡಿಸ್ಕನ್ನು ಅವಸರದಲ್ಲಿ ಕಿತ್ತಿದ್ದರು. ಕಚೇರಿಯ ಪ್ರತಿ ಇದ್ದುದರಿಂದ ಹೊಸದು ಮಾಡಿದೆವು.

ಅದೇ ಏಪ್ರಿಲ್‌ನಲ್ಲಿ ತಾರೀಖು ದಾಟಿದ ಫೋಲ್ಡರುಗಳ ಪಟ್ಟಿಯನ್ನೂ ತೆಗೆಯುತ್ತೇವೆ. ಲೆಕ್ಕಪತ್ರ ವಿಭಾಗದವರು ‘ತಡೆ’ ಇಲ್ಲವೆಂದು ಸಹಿ ಹಾಕಿದ ಮೇಲೆ ಎರಡೂ ಕಡೆಯಿಂದ ಅಳಿಸುತ್ತೇವೆ. ಸಹಿಯ ಹಾಳೆ ಮಾತ್ರ ಉಳಿಯುತ್ತದೆ. ಎಲ್ಲವನ್ನೂ ಶಾಶ್ವತವಾಗಿ ಇಟ್ಟುಬಿಡೋಣ ಎಂದು ಒಬ್ಬರು ಕೇಳಿದ್ದರು. ನಮ್ಮ ಡಂಪುಗಳಲ್ಲಿ ಸಣ್ಣ ವ್ಯಾಪಾರಿಗಳ ಮೊಬೈಲ್ ನಂಬರ್, ಮನೆ ವಿಳಾಸಗಳಿವೆ. ಕೆಲಸ ಮುಗಿದ ಮೇಲೂ ಅವನ್ನು ಇಟ್ಟುಕೊಂಡಿದ್ದು ಎಲ್ಲಾದರೂ ಸೋರಿದರೆ, ಆ ಹೊಣೆಯೂ ನಮ್ಮದೇ.

ಈಗಲೂ ಐಟಿಯವರು ಆಗಾಗ ಜಾಗ ಸಾಲದೆನ್ನುತ್ತಾರೆ. ಕಡತದ ಗಾತ್ರವನ್ನು ನಾನೀಗ ನೋಡುವುದಿಲ್ಲ, ಹೆಸರಿನ ಕೊನೆಯ ತಾರೀಖನ್ನು ಓದುತ್ತೇನೆ.